ಕಡಿತವಾದ ಹಣ ಯಾರ ಮನೆಯಲ್ಲಿದೆ?

ಬೆಳಗಾವಿಯಿಂದ ಖಾನಾಪುರದತ್ತ ಹೊರಟ ರೈಲು ಮೊದಲು ನಿಲ್ಲುವ ಊರುಗಳಲ್ಲಿ ದೇಸೂರ ಒಂದು. ಅಲ್ಲಿನ ಒಬ್ಬ ರೈತ ಮಳೆಗಾಲಕ್ಕೆ ಮುನ್ನ ಖಾನಾಪುರದ ಬೀಗರ ಮನೆಗೆ ಹೋಗಿ ಬರುವಾಗ ಅಲ್ಲಿಯ ಪೇಟೆಯಲ್ಲಿ ತಾಡಪತ್ರಿಯನ್ನೂ ನೀರಿನ ಪೈಪನ್ನೂ ಕೊಂಡನೆಂದು ಕಲ್ಪಿಸಿಕೊಳ್ಳೋಣ. ಬಿಲ್ಲು 3,450 ರೂಪಾಯಿ. ಕಿಸೆಯಲ್ಲಿ ಅಷ್ಟು ನಗದು ಇಲ್ಲದ್ದರಿಂದ ಗ್ರಾಮೀಣ ಬ್ಯಾಂಕಿನ ರೂಪೇ ಡೆಬಿಟ್ ಕಾರ್ಡನ್ನು ಕೊಡುತ್ತಾನೆ. ಅಂಗಡಿಯವನು ಕಾರ್ಡನ್ನು ಯಂತ್ರಕ್ಕೆ ಸೇರಿಸುತ್ತಾನೆ, ರೈತ ಗುಪ್ತ ಸಂಖ್ಯೆಯನ್ನು ಒತ್ತುತ್ತಾನೆ. ಯಂತ್ರ ಅರ್ಧ ನಿಮಿಷ ಯೋಚಿಸಿ ಸಂಪರ್ಕ ಸಿಗಲಿಲ್ಲವೆಂದು ಕೈಚೆಲ್ಲುತ್ತದೆ. ಅದೇ ಹೊತ್ತಿಗೆ ರೈತನ ಮೊಬೈಲು ಸದ್ದು ಮಾಡುತ್ತದೆ: ಖಾತೆಯಿಂದ 3,450 ರೂಪಾಯಿ ಕಡಿತವಾಗಿದೆ.

ಮುಂದಿನದು ನಮ್ಮ ಪೇಟೆಗಳಲ್ಲಿ ಎಲ್ಲರೂ ಕಂಡ ದೃಶ್ಯ. "ನನ್ನ ಮಷಿನ್‌ದಾಗ ಬಂದಿಲ್ರಿ ಕಾಕಾ, ರೊಕ್ಕ ನಿಮ್ಮ ಬ್ಯಾಂಕಿನಾಗ ಐತಿ" ಎಂದು ಅಂಗಡಿಯವನು ಹೇಳುತ್ತಾನೆ. "ಖಾತೆದಾಗಿಂದ ಹೋಗೇತಲ್ಲಪಾ, ಮತ್ತ ಯಾರ ಕಡೆ ಬಂತು?" ಎಂದು ರೈತ ಕೇಳುತ್ತಾನೆ. ಒಬ್ಬನ ಮೇಲೊಬ್ಬನಿಗೆ ಅನುಮಾನ. ಮರುದಿನ ಊರಿನ ಶಾಖೆಗೆ ಹೋದರೆ ಅಂಗಡಿಯವನನ್ನೇ ವಿಚಾರಿಸುವಂತೆ ಸಲಹೆ ದೊರೆಯುತ್ತದೆ. ಅಂಗಡಿಯವನು ತನ್ನ ಬ್ಯಾಂಕಿಗೆ ಫೋನು ಮಾಡಿದರೆ ಅಂಥ ವಹಿವಾಟೇ ತಮ್ಮಲ್ಲಿ ದಾಖಲಾಗಿಲ್ಲವೆಂಬ ಉತ್ತರ. ಒಂದು ದಿನದ ಕೂಲಿಯನ್ನು ಬಿಟ್ಟು ಓಡಾಡುವವನು ಮಾತ್ರ ರೈತ.

ಈ ಪ್ರಸಂಗದಲ್ಲಿ ಅಂಗಡಿಯವನು ಹೇಳಿದ್ದು ನಿಜ. ಶಾಖೆಯಲ್ಲಿ ದೊರೆತ ಸಲಹೆ ತಪ್ಪು. ಅದು ಹೇಗೆಂದು ತಿಳಿಯಬೇಕಾದರೆ ಒಂದು ಕಾರ್ಡು ಪಾವತಿಯ ಹಿಂದೆ ಯಾರು ಯಾರಿದ್ದಾರೆ, ಆ ಅರ್ಧ ನಿಮಿಷದಲ್ಲಿ ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು.

ಇರುವವರು ಮೂವರು. ಮೊದಲನೆಯದು ಕಾರ್ಡನ್ನು ಕೊಟ್ಟ ಬ್ಯಾಂಕು. ರೈತನ ಖಾತೆ, ಅದರಲ್ಲಿನ ಹಣ, ಗುಪ್ತ ಸಂಖ್ಯೆಯನ್ನು ಪರಿಶೀಲಿಸುವ ವ್ಯವಸ್ಥೆ ಎಲ್ಲವೂ ಅದರ ಬಳಿ ಇವೆ. ಎರಡನೆಯದು ಅಂಗಡಿಯವನಿಗೆ ಯಂತ್ರವನ್ನು ಕೊಟ್ಟು, ಅವನ ಪರವಾಗಿ ಹಣವನ್ನು ವಸೂಲು ಮಾಡಿ ಅವನ ಖಾತೆಗೆ ಹಾಕುವ ಬ್ಯಾಂಕು. ಬ್ಯಾಂಕಿಂಗ್ ಪರಿಭಾಷೆಯಲ್ಲಿ ಇದು ಅಕ್ವೈರಿಂಗ್ ಬ್ಯಾಂಕ್. ನಾವು ಅಂಗಡಿಯ ಬ್ಯಾಂಕು ಎಂದು ಕರೆಯೋಣ. ಮೂರನೆಯದು ಇವೆರಡರ ನಡುವಿನ ಜಾಲ: ರೂಪೇ, ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದವು. ಜಾಲದಲ್ಲಿ ಯಾರ ಖಾತೆಯೂ ಇಲ್ಲ. ಅದು ರೈತನಿಗೆ ಸಾಲ ಕೊಡುವುದಿಲ್ಲ, ಅಂಗಡಿಯವನಿಗೆ ಯಂತ್ರ ಕೊಡುವುದಿಲ್ಲ. ಸಂದೇಶವನ್ನು ಸರಿಯಾದ ಮನೆಗೆ ಮುಟ್ಟಿಸುವುದು, ದಿನದ ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಲೆಕ್ಕ ತೆಗೆಯುವುದು, ಜಗಳ ಬಂದಾಗ ಯಾವ ನಿಯಮ ಅನ್ವಯಿಸುತ್ತದೆಂದು ಮೊದಲೇ ಬರೆದಿಡುವುದು, ಇಷ್ಟು ಅದರ ಕೆಲಸ.

ಈ ಮೂರನೆಯವನು ಏಕೆ ಬೇಕೆಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕ 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ ತನ್ನ ಕಾರ್ಡನ್ನು ಹಂಚಿದಾಗ ಇಂಥ ಜಾಲವೇನೂ ಇರಲಿಲ್ಲ. ಕಾರ್ಡುದಾರನೂ ಅಂಗಡಿಯವನೂ ಒಂದೇ ಬ್ಯಾಂಕಿನ ಗಿರಾಕಿಗಳು. ಲೆಕ್ಕವೆಲ್ಲ ಒಂದೇ ಮನೆಯೊಳಗಿನದು. 1966ರಿಂದ ಆ ಕಾರ್ಡಿನ ಹಕ್ಕನ್ನು ಬೇರೆ ಬ್ಯಾಂಕುಗಳಿಗೂ ಕೊಟ್ಟ ಮೇಲೆ ತೊಡಕು ಶುರುವಾಯಿತು. ಒಂದು ಬ್ಯಾಂಕಿನ ಕಾರ್ಡು ಮತ್ತೊಂದು ಬ್ಯಾಂಕಿನ ಅಂಗಡಿಯಲ್ಲಿ ನಡೆಯಬೇಕಾದರೆ ಆ ಎರಡರ ನಡುವೆ ಒಪ್ಪಂದವಿರಬೇಕು. ಮೂವತ್ತು ಬ್ಯಾಂಕುಗಳಿದ್ದರೆ ಎರಡೆರಡರ ನಡುವೆ 435 ಒಪ್ಪಂದಗಳಾಗುತ್ತವೆ. ನಡುವೆ ಒಂದು ಜಾಲವನ್ನು ಕೂಡಿಸಿದರೆ ಮೂವತ್ತೇ ಸಾಕು. ಆ ಬ್ಯಾಂಕುಗಳೆಲ್ಲ ಸೇರಿ ಕಟ್ಟಿಕೊಂಡ ಜಾಲವೇ 1976ರಲ್ಲಿ ವೀಸಾ ಎಂಬ ಹೆಸರನ್ನು ತಳೆಯಿತು. ನಮ್ಮಲ್ಲಿ 2008ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಾವತಿ ನಿಗಮ 2012ರಲ್ಲಿ ರೂಪೇ ಜಾಲವನ್ನು ಆರಂಭಿಸಿದ್ದೂ ಇದೇ ಕೆಲಸಕ್ಕೆ.

ಈಗ ಖಾನಾಪುರದ ಅಂಗಡಿಗೆ ಮರಳೋಣ. ಕಾರ್ಡು ಯಂತ್ರಕ್ಕೆ ಸೇರಿದೊಡನೆ ಅದರ ಚಿಪ್ಪು ಆ ಒಂದು ವಹಿವಾಟಿಗೆ ಮಾತ್ರ ಸಲ್ಲುವ ಸಂಕೇತವೊಂದನ್ನು ರಚಿಸುತ್ತದೆ. ರೈತನು ಒತ್ತಿದ ಗುಪ್ತ ಸಂಖ್ಯೆ ಯಂತ್ರದೊಳಗೇ ಗೂಢಲಿಪಿಯಾಗಿ ಮಾರ್ಪಡುತ್ತದೆ. ಅಂಗಡಿಯವನಿಗಾಗಲಿ ಅವನ ಬ್ಯಾಂಕಿನ ಗುಮಾಸ್ತರಿಗಾಗಲಿ ಅದು ಕಾಣದು. ಇವೆಲ್ಲವನ್ನೂ ಮೊತ್ತವನ್ನೂ ಒಳಗೊಂಡ ಸಂದೇಶ ಯಂತ್ರದೊಳಗಿನ ಸಿಮ್ಮಿನ ಮೂಲಕ ಮೊದಲು ಅಂಗಡಿಯ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿನ ಗಣಕ ನೋಡುವುದು ಕಾರ್ಡು ಸಂಖ್ಯೆಯ ಮೊದಲ ಕೆಲವು ಅಂಕಿಗಳನ್ನು. ನಾಲ್ಕರಿಂದ ಆರಂಭವಾದರೆ ಅದು ವೀಸಾ; ರೂಪೇಗೆ 60, 65, 508 ಮುಂತಾದ ಬೇರೆ ಗುರುತುಗಳಿವೆ. ಮೊದಲ ಆರು ಅಥವಾ ಎಂಟು ಅಂಕಿಗಳನ್ನು ಓದಿದರೆ ಕಾರ್ಡನ್ನು ಕೊಟ್ಟ ಬ್ಯಾಂಕು ಯಾವುದೆಂಬುದೂ ತಿಳಿಯುತ್ತದೆ. ಸಂದೇಶ ಜಾಲವನ್ನು ಸೇರಿ, ಅಲ್ಲಿಂದ ರೈತನ ಬ್ಯಾಂಕಿಗೆ ಹೋಗುತ್ತದೆ.

ತೀರ್ಮಾನ ಮಾಡುವುದು ಕಾರ್ಡು ಕೊಟ್ಟ ಬ್ಯಾಂಕು ಮಾತ್ರ. ಸಂಕೇತ ಅಸಲಿಯೆ, ಗುಪ್ತ ಸಂಖ್ಯೆ ಸರಿಯೆ, ಖಾತೆಯಲ್ಲಿ ಹಣವಿದೆಯೆ ಎಂದು ಅದು ನೋಡುತ್ತದೆ. ಎಲ್ಲವೂ ಸರಿಯಿದ್ದರೆ 3,450 ರೂಪಾಯಿಯನ್ನು ರೈತನ ಶಿಲ್ಕಿನಿಂದ ಕಳೆದು ಒಪ್ಪಿಗೆಯ ಉತ್ತರವನ್ನು ಕಳುಹಿಸುತ್ತದೆ. ಉತ್ತರಗಳಿಗೆಲ್ಲ ಎರಡಂಕಿಯ ಸಂಕೇತಗಳಿವೆ: 00 ಎಂದರೆ ಒಪ್ಪಿಗೆ, 51 ಎಂದರೆ ಖಾತೆಯಲ್ಲಿ ಹಣ ಸಾಲದು, 55 ಎಂದರೆ ಗುಪ್ತ ಸಂಖ್ಯೆ ತಪ್ಪು, 91 ಎಂದರೆ ಕಾರ್ಡು ಕೊಟ್ಟ ಬ್ಯಾಂಕಿನ ಗಣಕವೋ ನಡುವಿನ ಸ್ವಿಚ್ಚೋ ಉತ್ತರಿಸುವ ಸ್ಥಿತಿಯಲ್ಲಿಲ್ಲ. ಎಷ್ಟೋ ಯಂತ್ರಗಳು ಈ ಅಂಕಿಯನ್ನು ತೋರಿಸುತ್ತವೆ. ಅದನ್ನು ಬರೆದಿಟ್ಟುಕೊಂಡವನಿಗೆ ದೋಷ ಯಾವ ಮನೆಯದೆಂಬ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. 91 ಬಂದಾಗ ಅಂಗಡಿಯವನ ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ಕಾರ್ಡು ಕೊಟ್ಟ ಬ್ಯಾಂಕು "ಕಡಿತ" ಮಾಡಿದ ಆ ಗಳಿಗೆಯಲ್ಲಿ ಹಣ ಎಲ್ಲಿಗೂ ಹೋಗಿಲ್ಲ. ರೈತನ ಹೆಸರಿನ ಲೆಕ್ಕದಿಂದ ತೆಗೆದು ಅದೇ ಬ್ಯಾಂಕು ತನ್ನ ಇನ್ನೊಂದು ಲೆಕ್ಕದಲ್ಲಿ ಇರಿಸಿಕೊಂಡಿದೆ, ಅಷ್ಟೆ. ಅಂಗಡಿಯವನು ಕೇಳಿದಾಗ ಕೊಡುತ್ತೇನೆಂಬ ವಾಗ್ದಾನ ಒಪ್ಪಿಗೆಯ ಉತ್ತರದಲ್ಲಿದೆ, ಹಣ ಅದರಲ್ಲಿಲ್ಲ. ಹಣ ಕೈಬದಲಾಗುವುದು ಅನಂತರದ ಎರಡನೆಯ ಸುತ್ತಿನಲ್ಲಿ. ಅಂಗಡಿಯವನ ಯಂತ್ರದಲ್ಲಿ ಒಪ್ಪಿಗೆ ಪಡೆದ ದಿನದ ವಹಿವಾಟುಗಳೆಲ್ಲ ಒಂದು ಪಟ್ಟಿಯಾಗಿ ಕೂಡಿರುತ್ತವೆ. ರಾತ್ರಿ ಅಂಗಡಿ ಮುಚ್ಚುವಾಗ ಆ ಪಟ್ಟಿಯನ್ನು ಅವನು ಬ್ಯಾಂಕಿಗೆ ಕಳುಹಿಸುತ್ತಾನೆ. ಇದಕ್ಕೆ ಸೆಟಲ್‌ಮೆಂಟ್ ಎಂದು ಹೆಸರು, ಈಗ ಅನೇಕ ಯಂತ್ರಗಳು ತಾವಾಗಿಯೇ ಇದನ್ನು ಮಾಡುತ್ತವೆ. ಅಂಗಡಿಯ ಬ್ಯಾಂಕು ಪಟ್ಟಿಯನ್ನು ಜಾಲದ ಮುಂದಿಡುತ್ತದೆ. ಜಾಲ ಎಲ್ಲ ಬ್ಯಾಂಕುಗಳ ಪಟ್ಟಿಗಳನ್ನು ಕೂಡಿ ಕಳೆದು, ಇಂಥ ಬ್ಯಾಂಕು ಇಷ್ಟು ಕೊಡತಕ್ಕದ್ದು, ಇಂಥದು ಇಷ್ಟು ಪಡೆಯತಕ್ಕದ್ದು ಎಂದು ನಿವ್ವಳ ಲೆಕ್ಕ ತೆಗೆಯುತ್ತದೆ. ರೂಪೇ ವಹಿವಾಟಿನಲ್ಲಿ ಈ ನಿವ್ವಳ ಮೊತ್ತ ರಿಸರ್ವ್ ಬ್ಯಾಂಕಿನಲ್ಲಿರುವ ಬ್ಯಾಂಕುಗಳ ಖಾತೆಗಳ ನಡುವೆ ಸಲ್ಲುತ್ತದೆ. ಅಂಗಡಿಯವನ ಖಾತೆಗೆ ಹಣ ಬರುವುದು ಸಾಮಾನ್ಯವಾಗಿ ಮರುದಿನ.

ಹಾಗಾದರೆ ನಮ್ಮ ರೈತನ 3,450 ರೂಪಾಯಿ? ಅವನ ಬ್ಯಾಂಕಿನ ಒಪ್ಪಿಗೆ ಜಾಲಕ್ಕೆ ಬಂತು, ಅಂಗಡಿಯ ಬ್ಯಾಂಕಿಗೂ ಬಂತು, ಅಲ್ಲಿಂದ ಯಂತ್ರಕ್ಕೆ ಮುಟ್ಟುವ ಕೊನೆಯ ಹೆಜ್ಜೆಯಲ್ಲಿ ಸಿಗ್ನಲ್ಲು ಕೈಕೊಟ್ಟಿತು. ಪಶ್ಚಿಮ ಘಟ್ಟದ ಮಡಿಲಿನ ಖಾನಾಪುರ ತಾಲ್ಲೂಕಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಇದು ಅಪರೂಪವಲ್ಲ. ಒಪ್ಪಿಗೆ ಬಾರದ ವಹಿವಾಟು ಯಂತ್ರದ ಪಟ್ಟಿಗೆ ಸೇರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಅಂಗಡಿಯ ಬ್ಯಾಂಕು ಜಾಲದ ಮುಂದಿಡಲಿಲ್ಲ. ಜಾಲ ಕೇಳದ ಹಣವನ್ನು ರೈತನ ಬ್ಯಾಂಕು ಯಾರಿಗೂ ಕೊಡಲಿಲ್ಲ. ಆದ್ದರಿಂದ ಆ ಹಣ ರೈತನ ಸ್ವಂತ ಬ್ಯಾಂಕಿನಲ್ಲೇ, ಬೇರೊಂದು ಕಪಾಟಿನಲ್ಲಿ ಕುಳಿತಿದೆ. ಖಾನಾಪುರದ ಅಂಗಡಿಗೆ ಹೋಗಿ ಬಾಗಿಲು ತಟ್ಟಿದರೆ ಅದು ಸಿಗುವುದಿಲ್ಲ.

ಯಂತ್ರವೂ ಸುಮ್ಮನೆ ಕೂರುವಂತೆ ಮಾಡಿದ್ದಲ್ಲ ಎಂಬುದನ್ನು ಹೇಳಬೇಕು. ನಿಗದಿತ ಸೆಕೆಂಡುಗಳೊಳಗೆ ಉತ್ತರ ಬಾರದಿದ್ದರೆ, ತಾನು ಕೇಳಿದ್ದನ್ನು ರದ್ದು ಮಾಡಿ ಎಂಬ ಮರುಸಂದೇಶವನ್ನು ಅದು ಸಿದ್ಧಪಡಿಸಿಕೊಳ್ಳುತ್ತದೆ. ಸಂಪರ್ಕ ಮರಳಿದಾಗ, ಅನೇಕ ಯಂತ್ರಗಳಲ್ಲಿ ಮುಂದಿನ ವಹಿವಾಟಿಗೆ ತುಸು ಮೊದಲು, ಆ ಸಂದೇಶ ಹೊರಡುತ್ತದೆ. ಅದು ಬಂದ ದಾರಿಯಲ್ಲೇ ಹೋಗಿ ರೈತನ ಬ್ಯಾಂಕನ್ನು ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಹಣ ಖಾತೆಗೆ ಮರಳಬಹುದು. ಯಂತ್ರ ಮೊಂಡು ಹಿಡಿಯಿತೆಂದು ಅಂಗಡಿಯವನು ಸಿಟ್ಟಿನಿಂದ ಅದನ್ನು ಆರಿಸಿ ಮೂಲೆಗಿಟ್ಟರೆ ಸಂದೇಶವೂ ಅದರೊಂದಿಗೆ ಮೂಲೆ ಸೇರುತ್ತದೆ. ಅಂಗಡಿಯವನಿಂದ ಆ ಹೊತ್ತಿಗೆ ಕೇಳಬಹುದಾದ ಉಪಕಾರ ಇದೊಂದೇ: ಯಂತ್ರವನ್ನು ಚಾಲೂ ಇಡಿ, ಸಿಗ್ನಲ್ಲು ಬಂದ ಮೇಲೆ ಇನ್ನೊಂದು ವಹಿವಾಟು ಮಾಡಿ.

ಆದರೆ ಚೀಟಿ ಬಾರದ ಪ್ರಸಂಗಗಳೆಲ್ಲ ಒಂದೇ ಬಗೆಯವಲ್ಲ. ಒಪ್ಪಿಗೆ ಯಂತ್ರಕ್ಕೆ ಮುಟ್ಟಿದ್ದು, ಕಾಗದದ ಸುರುಳಿ ಮುಗಿದದ್ದರಿಂದ ಮಾತ್ರ ಚೀಟಿ ಹೊರಬರದಿರುವುದೂ ಉಂಟು. ಆಗ ವಹಿವಾಟು ಪಟ್ಟಿಯಲ್ಲಿದೆ, ರಾತ್ರಿ ಸೆಟಲ್‌ಮೆಂಟ್ ಆಗುತ್ತದೆ, ಅಂಗಡಿಯವನಿಗೆ ಹಣ ಸಲ್ಲುತ್ತದೆ. ಇಂಥದ್ದರಲ್ಲಿ ಗಿರಾಕಿ ಹಣ ಬರಲಿಲ್ಲವೆಂದು ಭಾವಿಸಿ ಮತ್ತೊಮ್ಮೆ ಕಾರ್ಡನ್ನು ಕೊಟ್ಟರೆ ನಿಜಕ್ಕೂ ಎರಡು ಬಾರಿ ತೆತ್ತಂತಾಗುತ್ತದೆ. ವ್ಯತ್ಯಾಸವನ್ನು ಕಂಡುಹಿಡಿಯುವುದು ಸುಲಭ. ಕೊನೆಯ ವಹಿವಾಟಿನ ನಕಲು ಚೀಟಿಯನ್ನು ತೆಗೆಯುವ ಸೌಲಭ್ಯ ಯಂತ್ರದಲ್ಲೇ ಇದೆ. ಹೊಸ ಸುರುಳಿ ಹಾಕಿ ನಕಲನ್ನು ತೆಗೆದರೆ ತಮ್ಮ 3,450 ರೂಪಾಯಿಯದೇ ಚೀಟಿ ಬಂದಿತೆಂದರೆ ಪಾವತಿ ಮುಗಿದಿದೆ. ಹಿಂದಿನ ಗಿರಾಕಿಯ ಚೀಟಿ ಬಂದರೆ ತಮ್ಮದು ಯಂತ್ರದ ಪಾಲಿಗೆ ನಡೆದೇ ಇಲ್ಲ. ಎರಡನೆಯ ಬಾರಿ ಕಾರ್ಡನ್ನು ಕೊಡುವ ಮೊದಲು ಈ ಒಂದು ನಿಮಿಷವನ್ನು ವ್ಯಯಿಸುವುದು ಲೇಸು.

ನಮ್ಮ ರೈತ ತಾಳ್ಮೆಗೆಟ್ಟು ಎರಡನೆಯ ಬಾರಿ ಕಾರ್ಡನ್ನು ಕೊಟ್ಟನೆಂದೂ, ಈ ಸಲ ಚೀಟಿ ಬಂತೆಂದೂ ಇಟ್ಟುಕೊಳ್ಳೋಣ. ಈಗ ಅವನ ಮೊಬೈಲಿನಲ್ಲಿ ಎರಡು ಕಡಿತದ ಸಂದೇಶಗಳು, ಕೈಯಲ್ಲಿ ಒಂದೇ ಚೀಟಿ. ಆ ಚೀಟಿಯ ಮೇಲೆ RRN ಎಂಬ ಅಕ್ಷರಗಳ ಮುಂದೆ ಹನ್ನೆರಡು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದು ಆ ವಹಿವಾಟಿನ ಗುರುತಿನ ಸಂಖ್ಯೆ. ಮೂರೂ ಮನೆಗಳು ತಂತಮ್ಮ ದಾಖಲೆಗಳಲ್ಲಿ ಅದನ್ನೇ ಬರೆದುಕೊಂಡಿರುತ್ತವೆ. TID ಎಂಬುದರ ಮುಂದಿನದು ಯಂತ್ರದ ಸಂಖ್ಯೆ. ಬ್ಯಾಂಕಿಗೆ ಹೋಗುವಾಗ ಈ ಚೀಟಿಯನ್ನೂ ಜೊತೆಗೊಯ್ದರೆ, ಎರಡು ಕಡಿತಗಳಲ್ಲಿ ಇದಕ್ಕೆ ಹೊಂದುವುದು ಸಕ್ರಮವಾದದ್ದು, ಹೊಂದದೆ ಉಳಿದದ್ದು ಅನಾಥ ಎಂದು ಗುಮಾಸ್ತ ಕುಳಿತಲ್ಲೇ ಹೇಳಬಲ್ಲ. ಚೀಟಿಯನ್ನು ಬಿಲ್ಲಿನೊಡನೆ ಮುದ್ದೆ ಮಾಡಿ ಬಿಸಾಡುವವರು ತಮ್ಮ ಸಾಕ್ಷಿಯನ್ನೇ ಬಿಸಾಡುತ್ತಾರೆ. ಅದರ ಮಸಿ ಕೆಲವು ತಿಂಗಳಲ್ಲಿ ಮಾಸಿಹೋಗುವ ಬಗೆಯದಾದ್ದರಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಇನ್ನೂ ಒಳ್ಳೆಯದು.

ಅನಾಥವಾಗಿ ಉಳಿದ ಹಣಕ್ಕೆ ಗತಿ ಏನು? ಈ ವಿಷಯದಲ್ಲಿ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿದೆ. ಖಾತೆಯಿಂದ ಕಡಿತವಾಗಿ, ಅಂಗಡಿಯಲ್ಲಿ ಚೀಟಿ ಬಾರದೆ ಹೋದ ಕಾರ್ಡು ವಹಿವಾಟಿನ ಮೊತ್ತವನ್ನು, ವಹಿವಾಟು ನಡೆದ ದಿನದಿಂದ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಮರಳಿಸಬೇಕು. ಅಲ್ಲಿಂದಾಚೆಗೆ ವಿಳಂಬವಾದ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ. ಈ ಐದು ದಿನಗಳು ಕ್ಯಾಲೆಂಡರಿನ ದಿನಗಳು. ಭಾನುವಾರ, ಹಬ್ಬಗಳೆಂದು ಅವನ್ನು ಹಿಗ್ಗಿಸಲಾಗದು. ಪರಿಹಾರಕ್ಕೆ ಗಿರಾಕಿ ಅರ್ಜಿ ಹಾಕಬೇಕಾಗಿಯೂ ಇಲ್ಲ. ಐದು ದಿನಗಳ ಈ ಗಡುವನ್ನು ಮೇಲೆ ಹೇಳಿದ ಎರಡು ಸುತ್ತುಗಳ ಬೆಳಕಿನಲ್ಲಿ ನೋಡಬೇಕು. ಒಪ್ಪಿಗೆ ಕೊಟ್ಟ ಮೇಲೆ ದಿನಗಳು ಕಳೆದರೂ ಜಾಲದ ಪಟ್ಟಿಯಲ್ಲಿ ಆ ಮೊತ್ತದ ಬೇಡಿಕೆ ಬಾರದಿದ್ದರೆ, ವಹಿವಾಟು ಪೂರ್ತಿಯಾಗಲಿಲ್ಲವೆಂಬುದು ಕಾರ್ಡು ಕೊಟ್ಟ ಬ್ಯಾಂಕಿಗೆ ತನ್ನ ಪುಸ್ತಕವನ್ನು ನೋಡಿಕೊಂಡೇ ತಿಳಿಯುತ್ತದೆ. ಅಂಗಡಿಯವನ ಹೇಳಿಕೆಯಾಗಲಿ ಪತ್ರವಾಗಲಿ ಅದಕ್ಕೆ ಬೇಕಿಲ್ಲ.

ಲೆಕ್ಕ ಹಾಕಿ ನೋಡೋಣ. ರೈತನ ವಹಿವಾಟು ಜೂನ್ 10ರಂದು ನಡೆಯಿತು. ಗಡುವು ಜೂನ್ 15ಕ್ಕೆ ಮುಗಿಯುತ್ತದೆ. ಹಣ ಜೂನ್ 24ರಂದು ಮರಳಿತೆಂದರೆ ಒಂಬತ್ತು ದಿನಗಳ ವಿಳಂಬ. ಆದ್ದರಿಂದ ಅವನ ಖಾತೆಗೆ ಬರಬೇಕಾದದ್ದು 3,450ರ ಮೇಲೆ 900, ಒಟ್ಟು 4,350 ರೂಪಾಯಿ. ಬರಿಯ 3,450 ಬಂದಾಗ ಕೈಬಿಟ್ಟಿದ್ದ ಹಣ ಮರಳಿತಲ್ಲ ಎಂದು ಸಂತೋಷಪಟ್ಟು ಸುಮ್ಮನಾಗುವವರೇ ಹೆಚ್ಚು. ಒಂಬೈನೂರು ರೂಪಾಯಿ ಶಾಖೆಗೆ ದೊಡ್ಡದಲ್ಲ, ಎರಡು ದಿನ ಓಡಾಡಿದ ರೈತನಿಗೆ ದೊಡ್ಡದು.

ದೂರನ್ನು ಎಲ್ಲಿ ಕೊಡಬೇಕೆಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಚೀಟಿ ಇಲ್ಲದೆ ಹಣ ಹೋದವನು ಹೋಗಬೇಕಾದದ್ದು ತನ್ನ ಕಾರ್ಡು ಕೊಟ್ಟ ಬ್ಯಾಂಕಿಗೆ, ಲಿಖಿತ ದೂರಿನೊಂದಿಗೆ. ಮೂವತ್ತು ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು; ಅದಕ್ಕೆ ಶುಲ್ಕವಿಲ್ಲ. ಚೀಟಿ ಇದ್ದೂ ತನ್ನ ಖಾತೆಗೆ ಹಣ ಬಾರದ ಅಂಗಡಿಯವನು ಹೋಗಬೇಕಾದದ್ದು ಯಂತ್ರ ಕೊಟ್ಟ ಬ್ಯಾಂಕಿಗೆ. ರೈತನನ್ನು ಹಿಡಿದು ಕೇಳಿ ಅವನಿಗೆ ಫಲವಿಲ್ಲ. ಜಾಲದ ಬಾಗಿಲು ಇವರಿಬ್ಬರಿಗೂ ಸಾಮಾನ್ಯವಾಗಿ ದೂರ. ಅದರೊಡನೆ ಮಾತಾಡುವುದು ಬ್ಯಾಂಕುಗಳ ಕೆಲಸ. ಹಣ ನಿಜಕ್ಕೂ ಅಂಗಡಿಯವನಿಗೆ ಸಂದಾಯವಾಗಿ, ಆಮೇಲೆ ತಕರಾರು ಬಂದಾಗ ಮಾತ್ರ ಜಾಲದ ನಿಯಮಗಳು ಮುಂದೆ ಬರುತ್ತವೆ. ಆಗ ಕಾರ್ಡು ಕೊಟ್ಟ ಬ್ಯಾಂಕು ಜಾಲದ ಮೂಲಕ ಹಣವನ್ನು ವಾಪಸು ಕೇಳುತ್ತದೆ, ಅಂಗಡಿಯ ಬ್ಯಾಂಕು ಅಂಗಡಿಯವನಿಂದ ಚೀಟಿಯನ್ನು ಕೇಳುತ್ತದೆ, ನಿಗದಿತ ಅವಧಿಯಲ್ಲಿ ಅದನ್ನು ತೋರಿಸಲಾಗದ ಅಂಗಡಿಯವನು ಹಣವನ್ನು ಕಳೆದುಕೊಳ್ಳುತ್ತಾನೆ. ಇದು ವಾರಗಟ್ಟಲೆ ಹಿಡಿಯುವ ವ್ಯವಹಾರ. ಎರಡನ್ನೂ ಒಂದೇ ಎಂದು ಭಾವಿಸಿ, ಕೇವಲ ಉತ್ತರ ತಲುಪದೆ ನಿಂತ ವಹಿವಾಟಿಗೂ ವಾರಗಟ್ಟಲೆ ಕಾಯಲು ಹೇಳುವ ಶಾಖೆಗಳಿವೆ, ಅದು ಸಲ್ಲದು.

ನಮ್ಮ ಭಾಗದಲ್ಲಿ ಇನ್ನೂ ಒಂದು ಗೊಂದಲವಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಹಳೆಯ ಪಾಸುಪುಸ್ತಕವನ್ನು ಇಟ್ಟುಕೊಂಡ ಹಿರಿಯರಿಗೆ ತಮ್ಮ ಬ್ಯಾಂಕು ಈಗ ಯಾವುದೆಂದು ಹೇಳಲು ತಡವರಿಸುವಂತಾಗಿದೆ. ವಿಲೀನದಲ್ಲಿ ಖಾತೆಗಳಷ್ಟೇ ಅಲ್ಲ, ಕಾರ್ಡುದಾರರಿಗೆ ಕೊಡಬೇಕಾದ ಉತ್ತರದ ಹೊಣೆಯೂ ಹೊಸ ಬ್ಯಾಂಕಿಗೆ ಬಂದಿರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ಈ ಸೇವೆಗೆ ಯಾರು ತೆರುತ್ತಾರೆಂಬುದನ್ನೂ ಒಂದೆರಡು ಮಾತುಗಳಲ್ಲಿ ಹೇಳಬೇಕು. ಏಕೆಂದರೆ ಹಳ್ಳಿಯ ಅಂಗಡಿಯಲ್ಲಿ ಯಂತ್ರ ಏಕೆ ಕೆಟ್ಟು ಕೂತಿರುತ್ತದೆ ಎಂಬುದಕ್ಕೆ ಅದರಲ್ಲಿ ಸುಳಿವಿದೆ. ಕಾರ್ಡು ವಹಿವಾಟಿನ ಶುಲ್ಕವನ್ನು ಅಂಗಡಿಯವನಿಗೆ ಸಲ್ಲಬೇಕಾದ ಹಣದಿಂದ ಅವನ ಬ್ಯಾಂಕು ಮುರಿದುಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಕಾರ್ಡು ಕೊಟ್ಟ ಬ್ಯಾಂಕಿಗೆ, ಸಣ್ಣ ಪಾಲು ಜಾಲಕ್ಕೆ, ಉಳಿದದ್ದು ಯಂತ್ರವನ್ನು ನೋಡಿಕೊಳ್ಳುವ ಅಂಗಡಿಯ ಬ್ಯಾಂಕಿಗೆ. 2018ರ ಜನವರಿಯಿಂದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು ಮಿತಿ ಹಾಕಿತು: ವರ್ಷಕ್ಕೆ 20 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ಅಂಗಡಿಗೆ, ಯಂತ್ರದ ಮೂಲಕ ನಡೆದ ಪಾವತಿಯಲ್ಲಿ ನೂರಕ್ಕೆ 40 ಪೈಸೆಗಿಂತ ಹೆಚ್ಚು ಇರಕೂಡದು. 3,450 ರೂಪಾಯಿಗೆ ಅದು 13 ರೂಪಾಯಿ 80 ಪೈಸೆ. 2020ರ ಜನವರಿ 1ರಿಂದ ರೂಪೇ ಡೆಬಿಟ್ ಕಾರ್ಡಿನ ಮಟ್ಟಿಗೆ ಈ ಶುಲ್ಕವನ್ನೇ ಸರ್ಕಾರ ತೆಗೆದುಹಾಕಿತು. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ. ಶೇಕಡ ಎರಡರ ಆಸುಪಾಸಿನಲ್ಲಿ ದರ ಇದ್ದರೆ ಅದೇ ಬಿಲ್ಲಿಗೆ 69 ರೂಪಾಯಿಯಾಗುತ್ತದೆ. ಹೀಗಿರುವಾಗ ಡೆಬಿಟ್ ಕಾರ್ಡಿನ ಮೇಲೆ ಎರಡು ಪರ್ಸೆಂಟು ಹೆಚ್ಚು ಕೊಡಿ ಎಂದು ಕೇಳುವ ಅಂಗಡಿಯವನ ಬೇಡಿಕೆಗೆ ಆಧಾರವಿಲ್ಲ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯ ತಲೆಗೆ ಕಟ್ಟದಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಾಕೀತು ಮಾಡಿದೆ.

ರೈತನ ಪಾಲಿಗೆ ಶೂನ್ಯ ಶುಲ್ಕ ಒಳ್ಳೆಯದೇ. ಆದರೆ ಖಾನಾಪುರದಂಥ ಪೇಟೆಯಲ್ಲಿ ರೂಪೇ ಡೆಬಿಟ್ ಕಾರ್ಡುಗಳೇ ಹೆಚ್ಚಾಗಿ ನಡೆಯುವ ಯಂತ್ರದಿಂದ ಅಂಗಡಿಯ ಬ್ಯಾಂಕಿಗೆ ಹುಟ್ಟುವಳಿ ಇಲ್ಲ; ಸಿಮ್ಮು, ಕಾಗದ, ರಿಪೇರಿಯ ಖರ್ಚು ಮಾತ್ರ ಇದೆ. ಅಂಥ ಯಂತ್ರಕ್ಕೆ ಎರಡನೆಯ ಸಿಮ್ಮು ಹಾಕಿಸಲು, ಹಳೆಯದನ್ನು ಬದಲಿಸಲು ಯಾರಿಗೂ ಅವಸರವಿರುವುದಿಲ್ಲ. ಸಣ್ಣ ಊರುಗಳಲ್ಲಿ ಯಂತ್ರಗಳನ್ನು ಕೂಡಿಸಲು ರಿಸರ್ವ್ ಬ್ಯಾಂಕು 2021ರ ಜನವರಿಯಿಂದ ನಿಧಿಯೊಂದನ್ನು ನಡೆಸಿ ಸಹಾಯ ಮಾಡಿತು. ಯಂತ್ರವನ್ನು ಕೂಡಿಸುವುದು ಒಂದು ಬಾರಿಯ ಖರ್ಚು, ಅದನ್ನು ಜೀವಂತ ಇಡುವುದು ಪ್ರತಿ ತಿಂಗಳಿನದು. ಕಡಿತವಾಗಿ ನಿಲ್ಲುವ ಹಣದ ತೊಂದರೆಯ ಒಂದು ಬೇರು ಇಲ್ಲಿದೆ. ಶುಲ್ಕವಿಲ್ಲದ ವಹಿವಾಟಿಗೆ ಸರ್ಕಾರ ಬ್ಯಾಂಕುಗಳಿಗೆ ಏನಾದರೂ ತುಂಬಿಕೊಡುವುದಾದರೆ ಅದು ವಹಿವಾಟಿನ ಎಣಿಕೆಯ ಮೇಲಲ್ಲ, ಉತ್ತರ ತಲುಪಿದ ವಹಿವಾಟಿನ ಪ್ರಮಾಣದ ಮೇಲೆ ಇರಬೇಕೆಂದು ನಮ್ಮ ಅಭಿಪ್ರಾಯ.

ಇದಕ್ಕಿಂತ ಸುಲಭವಾದ, ಹೆಚ್ಚು ಖರ್ಚಿಲ್ಲದ ಸುಧಾರಣೆಯೊಂದಿದೆ. ಕಾರ್ಡು ಕೊಟ್ಟ ಬ್ಯಾಂಕು ಕಳುಹಿಸುವ ಸಂದೇಶದಲ್ಲಿ ಒಪ್ಪಿಗೆಯ ಗಳಿಗೆಗೂ ಹಣ ಸಂದಾಯವಾದ ಗಳಿಗೆಗೂ ಭೇದವಿಲ್ಲ. ಎರಡಕ್ಕೂ "ಕಡಿತವಾಗಿದೆ" ಎಂಬ ಒಂದೇ ಮಾತು, ಅದೂ ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮರಾಠಿ ಎರಡನ್ನೂ ಆಡುವ, ಇಂಗ್ಲಿಷನ್ನು ತಡೆದು ತಡೆದು ಓದುವ ದೇಸೂರಿನ ಗಿರಾಕಿ ಆ ಸಂದೇಶವನ್ನು ಅಂಗಡಿಯವನ ಮುಖಕ್ಕೆ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಬ್ಯಾಂಕೇ ಹಣ ಹೋಯಿತೆಂದು ಬರೆದುಕೊಟ್ಟಿದೆಯಲ್ಲ. "ನಿಮ್ಮ 3,450 ರೂಪಾಯಿಯನ್ನು ಈ ಅಂಗಡಿಗಾಗಿ ಕಾಯ್ದಿರಿಸಿದ್ದೇವೆ, ಚೀಟಿ ಬಾರದಿದ್ದರೆ ಜೂನ್ 15ರೊಳಗೆ ಮರಳಿ ಬರುತ್ತದೆ" ಎಂದು ಗಿರಾಕಿಯ ಭಾಷೆಯಲ್ಲಿ ಬರೆಯಲು ಬ್ಯಾಂಕಿನ ಗಣಕಕ್ಕೆ ಯಾವ ಅಡ್ಡಿಯೂ ಇಲ್ಲ. ಮೊತ್ತ, ದಿನಾಂಕ, ಗಡುವು ಮೂರೂ ಅದಕ್ಕೆ ಗೊತ್ತು. ಗ್ರಾಮೀಣ ಬ್ಯಾಂಕುಗಳಿಗೆ ಇದನ್ನು ಕಡ್ಡಾಯ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿಗಿದೆ. ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಈ ಬೇಡಿಕೆಯನ್ನು ಇಡಲು ಬೆಳಗಾವಿ ಜಿಲ್ಲಾಡಳಿತ ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ಆ ಸಭೆ ಹೇಗೂ ಸೇರುತ್ತದೆ. ಐದು ದಿನ ಮೀರಿ ಮರಳಿದ ಕಾರ್ಡು ಹಣ ಎಷ್ಟು, ಅದರ ಮೇಲೆ ದಿನಕ್ಕೆ ನೂರರಂತೆ ಕೊಟ್ಟದ್ದು ಎಷ್ಟು ಎಂದು ತಾಲ್ಲೂಕುವಾರು ಲೆಕ್ಕವನ್ನು ಅಲ್ಲಿ ಪ್ರತಿ ಬ್ಯಾಂಕಿನಿಂದಲೂ ಕೇಳಲಿ.